ಹಸಿರು ಅಂಕಿ ಸರಿ, ಈ ಕೆಂಪು ಅಂಕಿ ಎಲ್ಲಿಂದ ಬಂತು?

ಇವತ್ತಿನ ಸಂಚಿಕೆಗೆ ಅತಿಥಿ ಯಾರೂ ಇಲ್ಲ, ನಾನೊಬ್ಬನೇ ಮಾತಾಡೋದು. ವಿಷಯ ಏನಪ್ಪಾ ಅಂದ್ರೆ ಒಂದೇ ಒಂದು ಸ್ಲೈಡು. ಕೈಯಲ್ಲಿ ಪೆನ್ನು, ಒಂದು ತುಂಡು ಕಾಗದ ಇದ್ದರೆ ಒಳ್ಳೇದು. ಗಾಡಿ ಓಡಿಸ್ತಾ ಕೇಳ್ತಿರೋರು ದಯವಿಟ್ಟು ಮನೆಗೆ ಹೋಗಿ ಕೇಳಿ, ನಡುವೆ ಸ್ವಲ್ಪ ಗುಣಾಕಾರ ಬರುತ್ತೆ.

ಮಶೀನ್ ಲರ್ನಿಂಗ್ ಓದ್ತಿರೋ ಯಾರನ್ನೇ ಕೇಳಿ, ಈ ಸ್ಲೈಡು ಎಲ್ಲೋ ಒಂದು ಕಡೆ ನೋಡಿರ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ CS231n ಅನ್ನೋ ಕೋರ್ಸಿನದ್ದು. ಎಡಗಡೆ x, y, z ಅಂತ ಮೂರು ಅಕ್ಷರ. x ಮತ್ತು y ಎರಡೂ ಗೆರೆ ಎಳ್ಕೊಂಡು ಹೋಗಿ ಒಂದು ಕೂಡಿಸೋ ವೃತ್ತಕ್ಕೆ ಸೇರುತ್ತವೆ. ಅದರ ಉತ್ತರಕ್ಕೆ q ಅಂತ ಹೆಸರು. q ಮತ್ತು z ಹೋಗಿ ಒಂದು ಗುಣಿಸೋ ವೃತ್ತಕ್ಕೆ ಸೇರುತ್ತವೆ. ಅಲ್ಲಿಂದ ಹೊರಗೆ ಬರೋದು f. ಸೂತ್ರ ಬರೆದರೆ f = (x + y)z, ಅಷ್ಟೇ. ಗೆರೆಗಳ ಮೇಲೆ ಹಸಿರು ಬಣ್ಣದಲ್ಲಿ ಅಂಕಿಗಳು: x ಅಂದ್ರೆ -2, y ಅಂದ್ರೆ 5, z ಅಂದ್ರೆ -4. ಕೂಡಿದರೆ q = 3, ಗುಣಿಸಿದರೆ f = -12. ಇಲ್ಲಿವರೆಗೆ ಐದನೇ ಕ್ಲಾಸಿನ ಲೆಕ್ಕ.

ಆದರೆ ಅದೇ ಗೆರೆಗಳ ಕೆಳಗೆ ಕೆಂಪು ಬಣ್ಣದಲ್ಲಿ ಇನ್ನೊಂದು ಸಾಲು ಅಂಕಿ ಇವೆ. f ಕೆಳಗೆ 1. q ಕೆಳಗೆ -4. z ಕೆಳಗೆ 3. x ಕೆಳಗೂ y ಕೆಳಗೂ -4. ಈ ಕೆಂಪು ಸಾಲು ಎಲ್ಲಿಂದ ಬಂತು ಅನ್ನೋದೇ ಬ್ಯಾಕ್‌ಪ್ರೊಪಗೇಶನ್. ಪಕ್ಕದಲ್ಲಿ ಕ್ಯಾಲ್ಕುಲಸ್ ಭಾಷೆಯಲ್ಲಿ ವಿವರಣೆ ಬರೆದಿರ್ತಾರೆ. ಆ ಭಾಷೆ ಬರದೇ ಇರೋರಿಗೆ ಅದು ಗೋಡೆ.

ಈ ಗೋಡೆಗೆ ಬಂದು ನಿಂತಿದ್ದವಳು ನನ್ನ ಚಿಕ್ಕಮ್ಮನ ಮಗಳು. ಊರು ಸಾಗರದ ಹತ್ತಿರ, ಓದ್ತಿರೋದು ಶಿವಮೊಗ್ಗದಲ್ಲಿ, ಬಿಸಿಎ ಕೊನೇ ವರ್ಷ. ಪಿಯುಸಿಯಲ್ಲಿ ಅವಳದ್ದು ಸಿಇಬಿಎ, ಅಂದ್ರೆ ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಗಣಿತ ಇಲ್ಲ. ನಮ್ಮಲ್ಲಿ ಈ ದಾರಿಯಲ್ಲಿ ಬಿಸಿಎಗೆ ಬರೋ ಮಕ್ಕಳು ಬಹಳ ಇದ್ದಾರೆ. ಡಿಗ್ರಿಯಲ್ಲಿ ಒಂದು ಸೆಮಿಸ್ಟರ್ ಡಿಫರೆನ್ಷಿಯೇಶನ್ ಅಂತ ಏನೋ ಬಂದು ಹೋಗಿರುತ್ತೆ, x²ಗೆ 2x ಅಂತ ಬಾಯಿಪಾಠ ಮಾಡಿ ಪಾಸಾಗಿರ್ತಾರೆ. ಅವಳಿಗೆ ಸೋಮವಾರ ಸೆಮಿನಾರ್ ಇತ್ತು. ಸ್ಲೈಡನ್ನ ಓದಿದರೆ ಸಾಲದು, ವಿವರಿಸಬೇಕು. ಆಗದೇ ಇದ್ರೆ ಪ್ರಾಜೆಕ್ಟಿನ ವಿಷಯ ಬದಲಾಯಿಸ್ಕೋ ಅಂತ ಹೇಳಿಬಿಟ್ಟಿದ್ರಂತೆ. ಅಡಿಕೆ ಎಲೆಯ ರೋಗವನ್ನ ಫೋಟೋದಿಂದ ಗುರುತಿಸೋ ಪ್ರಾಜೆಕ್ಟ್ ಅದು, ತೋಟದಲ್ಲಿ ನಿಂತು ನೂರಾರು ಫೋಟೋ ತೆಗೆದಿದ್ದಾಳೆ. ಬಿಡೋಕೆ ಮನಸ್ಸಿಲ್ಲ. ಶನಿವಾರ ರಾತ್ರಿ ವಿಡಿಯೋ ಕಾಲ್ ಮಾಡಿದಳು: "ಅಣ್ಣಾ, ನೀನೂ ಕಾಮರ್ಸ್, ನಾನೂ ಕಾಮರ್ಸ್. ನಿಂಗೆ ಹೆಂಗೆ ತಿಳೀತು ಹೇಳು."

ಹೋಲಿಕೆಗಳು ಅವಳಿಗೆ ಆಗಲೇ ಸಿಕ್ಕಿದ್ವು. ಯೂಟ್ಯೂಬ್ ತುಂಬಾ ಇರೋದು ಎರಡು. ಒಂದು ಮಂಜು ಕವಿದ ಬೆಟ್ಟದ್ದು. ದಾರಿ ಕಾಣ್ತಿಲ್ಲ, ಕಾಲಿಗೆ ಇಳಿಜಾರು ಎಲ್ಲಿ ಸಿಗುತ್ತೋ ಆ ಕಡೆ ಒಂದೊಂದೇ ಹೆಜ್ಜೆ ಇಡು ಅನ್ನೋದು. ಅದು ಒಳ್ಳೆಯ ಹೋಲಿಕೆಯೇ. ಆದರೆ ಅದು ಹೇಳೋದು ಗ್ರೇಡಿಯೆಂಟ್ ಡಿಸೆಂಟ್ ಬಗ್ಗೆ, ಅಂದ್ರೆ ಇಳಿಜಾರು ಗೊತ್ತಾದ ಮೇಲೆ ಏನು ಮಾಡಬೇಕು ಅನ್ನೋದು. ನಮ್ಮ ಪ್ರಶ್ನೆ ಅದಕ್ಕಿಂತ ಮೊದಲಿನದು: ಆ ಇಳಿಜಾರನ್ನ ಲೆಕ್ಕ ಹಾಕೋದು ಹೇಗೆ? ಬೆಟ್ಟ ಹತ್ತಿಸಿ ಇಳಿಸಿದರೂ ಕೆಂಪು ಅಂಕಿ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಇನ್ನೊಂದು ಹೋಲಿಕೆ ಆಫೀಸಿನದ್ದು, ತಪ್ಪಿಗೆ ಯಾರು ಎಷ್ಟು ಹೊಣೆ ಅಂತ ಮೇಲಿನಿಂದ ಕೆಳಗೆ ಬೈಗುಳ ಹಂಚೋದು. ಅದರ ತೊಂದರೆ ಏನು ಅಂತ ಆಮೇಲೆ ಹೇಳ್ತೀನಿ.

ನಾನು ಅವಳಿಗೆ ಕೊಟ್ಟಿದ್ದು ಹೋಟೆಲ್ ಲೆಕ್ಕ. ಬಸ್‌ಸ್ಟ್ಯಾಂಡ್ ಪಕ್ಕ ಒಂದು ಸಣ್ಣ ಹೋಟೆಲ್ ಇದೆ ಅನ್ಕೊಳ್ಳಿ. ಒಂದು ಲೀಟರ್ ಹಾಲಿಗೆ 10 ಕಾಫಿ ಆಗುತ್ತೆ. ದಿನಕ್ಕೆ 300 ಕಾಫಿ ಹೋಗುತ್ತೆ. ಹಾಲಿನ ರೇಟು ಲೀಟರಿಗೆ 1 ರೂಪಾಯಿ ಜಾಸ್ತಿ ಆದರೆ ದಿನದ ಖರ್ಚು ಎಷ್ಟು ಜಾಸ್ತಿ ಆಗುತ್ತೆ?

ಅವಳು ಪೆನ್ನೂ ಮುಟ್ಟಲಿಲ್ಲ. "ಕಪ್ಪಿಗೆ 10 ಪೈಸೆ, 300 ಕಪ್ಪಿಗೆ 30 ರೂಪಾಯಿ."

ಅದೇ ಚೈನ್ ರೂಲ್ ಕಣೇ ಅಂದೆ. ಒಂದು ನಿಮಿಷ ಸುಮ್ಮನಿದ್ದಳು.

ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕಂದ್ರೆ ಬಹಳ ಜನ ಜಾರೋದು ಇಲ್ಲೇ. ಹಾಲು ಒಂದು ಏರಿದರೆ ಕಪ್ಪಿನ ಅಸಲು 0.10 ಏರುತ್ತೆ. ಕಪ್ಪಿನ ಅಸಲು ಒಂದು ಏರಿದರೆ ದಿನದ ಖರ್ಚು 300 ಏರುತ್ತೆ. ಎರಡನ್ನೂ ಗುಣಿಸಿದರೆ 30. ಇಷ್ಟರಲ್ಲಿ ನಾನು ಹಾಲಿನ ರೇಟು ಎಷ್ಟು ಅಂತ ಹೇಳೇ ಇಲ್ಲ ನೋಡಿ. 40 ಇರಲಿ, 50 ಇರಲಿ, ಈ 30 ಬದಲಾಗಲ್ಲ. ರೇಟು ಬೇರೆ, ರೇಟು ಏರಿದರೆ ಏನಾಗುತ್ತೆ ಅನ್ನೋದು ಬೇರೆ. ಸ್ಲೈಡಿನಲ್ಲಿ ಹಸಿರು ಅಂಕಿ ಅಂದ್ರೆ ರೇಟು. ಕೆಂಪು ಅಂಕಿ ಅಂದ್ರೆ, ಈ ಗೆರೆಯ ಮೇಲಿನದ್ದು ಒಂದು ಏರಿದರೆ ಕಟ್ಟಕಡೆಯ f ಎಷ್ಟು ಏರುತ್ತೆ ಅನ್ನೋದು. ಗ್ರೇಡಿಯೆಂಟ್ ಅನ್ನೋ ಪದಕ್ಕೆ ಈ ಒಂದು ವಾಕ್ಯ ಇಟ್ಕೊಂಡರೆ ಸ್ಲೈಡಿನ ಮುಕ್ಕಾಲು ಭಾಗ ಬಿಚ್ಚಿಕೊಳ್ಳುತ್ತೆ.

ಈಗ ಸ್ಲೈಡಿಗೆ ವಾಪಸ್ ಹೋಗೋಣ. ಬಲಗಡೆ ತುದಿಯಿಂದ ಶುರು. f ಕೆಳಗೆ 1 ಯಾಕೆ? f ಒಂದು ಏರಿದರೆ f ಎಷ್ಟು ಏರುತ್ತೆ? ಒಂದು. ತಮಾಷೆ ಥರ ಕಾಣುತ್ತೆ, ಆದರೆ ಸೂತ್ರ ನೋಡಿಕೊಂಡು ಕಲಿಯೋರು ಈ 1 ಎಲ್ಲಿಂದ ಬಂತು ಅಂತ ಗಂಟೆಗಟ್ಟಲೆ ಹುಡುಕ್ತಾರೆ.

ಇನ್ನು q. ಈಗ q ಅಂದ್ರೆ 3, z ಅಂದ್ರೆ -4. q ಒಂದು ಏರಿಸಿ 4 ಮಾಡಿ. 4 × -4 = -16. ಮೊದಲು -12 ಇತ್ತು. ಅಂದ್ರೆ f ಬದಲಾಗಿದ್ದು -4. ಸ್ಲೈಡಿನಲ್ಲಿ q ಕೆಳಗೆ ಇರೋದೂ -4. ಈಗ z ಒಂದು ಏರಿಸಿ, -4 ಇದ್ದದ್ದು -3 ಆಗುತ್ತೆ. 3 × -3 = -9. -12ರಿಂದ -9ಕ್ಕೆ ಬಂತು ಅಂದ್ರೆ 3 ಏರಿತು. z ಕೆಳಗೆ ಇರೋದೂ 3. ಇಷ್ಟಾದ ಮೇಲೆ ಅವಳೇ ಗಮನಿಸಿ ಹೇಳಿದಳು, q ಕೆಳಗೆ ಬಂದಿದ್ದು z ಬೆಲೆ, z ಕೆಳಗೆ ಬಂದಿದ್ದು q ಬೆಲೆ, ಅದಲು ಬದಲು ಆಗಿದೆ ಅಂತ. ಹೌದು, ಹೋಟೆಲಲ್ಲೂ ಹಾಗೇ. ಕಪ್ಪಿನ ಅಸಲು ಗುಣಿಸು ಕಪ್ಪಿನ ಸಂಖ್ಯೆ ಅಂದ್ರೆ ದಿನದ ಖರ್ಚು. ಅಸಲು ಏರಿದರೆ ಪೆಟ್ಟು ಬೀಳೋದು ಕಪ್ಪಿನ ಸಂಖ್ಯೆಯಷ್ಟು. ಇನ್ನೊಂದು ಕಪ್ಪು ಜಾಸ್ತಿ ಮಾಡಿದರೆ ಖರ್ಚು ಏರೋದು ಅಸಲಿನಷ್ಟು. ಗುಣಾಕಾರದ ಸ್ವಭಾವವೇ ಅದು.

x ಗೆ ಬನ್ನಿ. x ಒಂದು ಏರಿದರೆ q ಒಂದು ಏರುತ್ತೆ, ಯಾಕಂದ್ರೆ ಅಲ್ಲಿರೋದು ಬರೀ ಕೂಡಿಸೋದು. q ಒಂದು ಏರಿದರೆ f -4 ಬದಲಾಗುತ್ತೆ ಅಂತ ಈಗಷ್ಟೇ ಕಂಡ್ಕೊಂಡ್ವಿ. 1 × -4 = -4. y ಗೂ ಅದೇ ಮಾತು. ಸರೀನಾ ಅಂತ ನೋಡೋಕೆ x ಅನ್ನ ನಿಜವಾಗ್ಲೂ -1 ಮಾಡಿ ಮೊದಲಿನಿಂದ ಲೆಕ್ಕ ಹಾಕಿ. -1 + 5 = 4, 4 × -4 = -16. -12ರಿಂದ -16. ಸರಿಯಾಗಿದೆ. ಇಡೀ ಸ್ಲೈಡು ಮುಗೀತು, d ಅನ್ನೋ ಅಕ್ಷರವನ್ನ ನಾವು ಬಳಸೇ ಇಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಮೋಸ ಆಗುತ್ತೆ. "ಒಂದು ಏರಿಸಿ ನೋಡು" ಅನ್ನೋದು ಈ ಸ್ಲೈಡಿನಲ್ಲಿ ನಡೆದಿದ್ದು ಇಲ್ಲಿ ಕೂಡಿಸೋದು, ಒಂದು ಬೆಲೆಯನ್ನ ಇನ್ನೊಂದರಿಂದ ಗುಣಿಸೋದು ಮಾತ್ರ ಇದೆ ಅಂತ. ವರ್ಗ ಬಂದ ಕೂಡಲೇ ಕೈ ಕೊಡುತ್ತೆ. 3ರ ವರ್ಗ 9. ಒಂದು ಏರಿಸಿದರೆ 4ರ ವರ್ಗ 16. ಏರಿದ್ದು 7. ಆದರೆ ಅವಳ ಬಾಯಿಪಾಠದ 2x ಪ್ರಕಾರ 6 ಬರಬೇಕು. "ಅಣ್ಣಾ, ನಿನ್ನ ಹೋಟೆಲ್ ಲೆಕ್ಕ ತಪ್ಪು" ಅಂದಳು. ಇದನ್ನೇ ಅವಳು ಕೇಳಲಿ ಅಂತ ನಾನು ಕಾಯ್ತಾ ಇದ್ದೆ. ಮೊಬೈಲಿನ ಕ್ಯಾಲ್ಕುಲೇಟರ್ ತೆಗಿ ಅಂದೆ. ಒಂದು ಏರಿಸೋ ಬದಲು 0.01 ಏರಿಸು. 3.01ರ ವರ್ಗ 9.0601. ಏರಿದ್ದು 0.0601. ನಾವು ಏರಿಸಿದ 0.01ರಿಂದ ಭಾಗಿಸಿದರೆ 6.01. ಈಗ 0.001 ಏರಿಸು. 9.006001 ಬರುತ್ತೆ, ಭಾಗಿಸಿದರೆ 6.001. ಏರಿಕೆ ಸಣ್ಣದಾದಷ್ಟೂ ಉತ್ತರ 6ರ ಹತ್ತಿರ ಬರ್ತಾ ಹೋಗುತ್ತೆ. ಅವಳು ಇಷ್ಟು ದಿನ ಬರೀತಾ ಇದ್ದ 2x ಅಂದ್ರೆ ಈ 6. ಮೂರರ ಬದಲು 5 ಹಾಕಿ ನೋಡಿದಳು, 10ರ ಹತ್ತಿರ ಬಂತು. ಆಮೇಲೆ ನನ್ನನ್ನ ಕೇಳದೇ 7 ಹಾಕಿದಳು.

ಹೋಟೆಲ್ ಭಾಷೆಯಲ್ಲಿ ಹೇಳೋದಾದ್ರೆ, ಹಾಲು 1 ರೂಪಾಯಿ ಏರಿದರೆ 30 ರೂಪಾಯಿ ಅಂತ ಹೇಳಬಹುದು. 40 ರೂಪಾಯಿ ಏರಿದರೆ 1,200 ಅಂತ ಹೇಳೋಕಾಗಲ್ಲ. ಕಾಫಿ ರೇಟು ಏರಿಸಬೇಕಾಗುತ್ತೆ, ಗಿರಾಕಿ ಟೀಗೆ ಹೋಗ್ತಾನೆ, 300 ಕಪ್ಪು 200 ಆಗುತ್ತೆ. ಕೆಂಪು ಅಂಕಿ ನಿಜ ಹೇಳೋದು ಈಗ ನಿಂತಿರೋ ಜಾಗದ ಆಸುಪಾಸಿನಲ್ಲಿ ಮಾತ್ರ. ನ್ಯೂರಲ್ ನೆಟ್‌ವರ್ಕಿಗೆ ಕಲಿಸುವಾಗ ತೂಕಗಳನ್ನ ಒಮ್ಮೆಲೇ ಬದಲಾಯಿಸದೆ ಲರ್ನಿಂಗ್ ರೇಟ್ ಅಂತ ಸಣ್ಣ ಸಂಖ್ಯೆಯಿಂದ ಗುಣಿಸಿ ಚೂರು ಚೂರೇ ಬದಲಾಯಿಸೋದಕ್ಕೂ ಇದೇ ಕಾರಣ. ಅದನ್ನ ದೊಡ್ಡದಾಗಿ ಇಟ್ಟುಬಿಟ್ಟರೆ ಲಾಸ್ ಇಳಿಯೋ ಬದಲು ಮೇಲಕ್ಕೆ ಹಾರುತ್ತೆ.

ಸರಿ, ಇಷ್ಟು ಗೊತ್ತಾದ ಮೇಲೆ ಸಹಜವಾಗಿ ಬರೋ ಪ್ರಶ್ನೆ: ಒಂದೊಂದನ್ನೇ ಅಲ್ಲಾಡಿಸಿ ನೋಡಿದರೆ ಆಯ್ತಲ್ಲ, ಹಿಂದಿನಿಂದ ಯಾಕೆ ಬರಬೇಕು? ಮತ್ತೆ ಹೋಟೆಲಿಗೇ ಹೋಗೋಣ. ಕಾಫಿಗೆ ಹಾಲು, ಸಕ್ಕರೆ, ಕಾಫಿಪುಡಿ, ಗ್ಯಾಸು, ಎಲ್ಲಾ ಬೇಕು. ಒಂದೊಂದನ್ನೂ ಅಲ್ಲಾಡಿಸಿ ನೋಡೋದು ಅಂದ್ರೆ ಪ್ರತಿ ಸಾಮಾನಿಗೂ ಇಡೀ ದಿನದ ಲೆಕ್ಕವನ್ನ ಹೊಸದಾಗಿ ಬರೀಬೇಕು. ಅದರ ಬದಲು ಕೊನೆಯಿಂದ ಬನ್ನಿ. ಕಪ್ಪಿನ ಅಸಲು 1 ರೂಪಾಯಿ ಏರಿದರೆ ದಿನಕ್ಕೆ 300 ಅಂತ ಒಂದು ಸಲ ಬರೆದಿಟ್ಕೊಂಡ್ರೆ, ಆ 300 ಎಲ್ಲಾ ಸಾಮಾನಿಗೂ ಕೆಲಸಕ್ಕೆ ಬರುತ್ತೆ. ಹಾಲಿಗೆ 0.10 × 300, ಸಕ್ಕರೆಗೆ ಅದರ ಪ್ರಮಾಣ × 300. ಪ್ರತಿ ಸಾಮಾನಿಗೂ ಒಂದೇ ಒಂದು ಹೊಸ ಗುಣಾಕಾರ. ನಾಲ್ಕು ಸಾಮಾನಿರುವಾಗ ಇದು ಅಂಥಾ ಉಳಿತಾಯ ಅನ್ನಿಸಲ್ಲ. ಅವಳ ಎಲೆರೋಗದ ಮಾಡೆಲಿನಲ್ಲಿ ತೂಕಗಳು ಲಕ್ಷಗಟ್ಟಲೆ. ಲಕ್ಷ ಸಲ ಇಡೀ ಲೆಕ್ಕ ಹಾಕೋದಕ್ಕೂ, ಮುಂದಕ್ಕೆ ಒಂದು ಸಲ, ಹಿಂದಕ್ಕೆ ಒಂದು ಸಲ ಹೋಗಿ ಮುಗಿಸೋದಕ್ಕೂ ಇರೋ ವ್ಯತ್ಯಾಸ ಅದು. ಹೀಗೆ ಹಿಂದಿನಿಂದ ಲೆಕ್ಕ ಹಾಕೋ ವಿಧಾನವನ್ನ ಫಿನ್ಲೆಂಡಿನ ಸೆಪ್ಪೊ ಲಿನ್ನೈನ್ಮಾ 1970ರಲ್ಲೇ ತಮ್ಮ ಮಾಸ್ಟರ್ಸ್ ಪ್ರಬಂಧದಲ್ಲಿ ಬರೆದಿದ್ರು, ನ್ಯೂರಲ್ ನೆಟ್‌ವರ್ಕಿನ ಮಾತೇ ಎತ್ತದೆ. ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಮೂವರ ಲೇಖನ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಮೇಲೆ ಇದು ನೆಟ್‌ವರ್ಕ್ ಜಗತ್ತಿನಲ್ಲಿ ಮನೆಮಾತಾಯ್ತು.

ಇನ್ನೊಂದು ವಿಷಯ ಇದೆ, ಸ್ಲೈಡುಗಳಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡ್ತಾರೆ. ಹಾಲು ಕಾಫಿಗೆ ಮಾತ್ರ ಹೋಗಲ್ಲ. ದಿನಾ 20 ಲೀಟರ್ ಹೆಪ್ಪು ಹಾಕಿ ಮೊಸರು ಮಾಡ್ತಾರೆ ಅನ್ಕೊಳ್ಳಿ. ಹಾಲು 1 ರೂಪಾಯಿ ಏರಿದರೆ ಕಾಫಿ ದಾರಿಯಲ್ಲಿ 30, ಮೊಸರಿನ ದಾರಿಯಲ್ಲಿ 20. ಒಟ್ಟು? 50. ತಾಳೆ ನೋಡೋದೂ ಸುಲಭ: 300 ಕಾಫಿಗೆ 30 ಲೀಟರ್, ಮೊಸರಿಗೆ 20 ಲೀಟರ್, ಒಟ್ಟು 50 ಲೀಟರ್ ಹಾಲು, ಲೀಟರಿಗೆ 1 ರೂಪಾಯಿ. ಒಂದೇ ದಾರಿಯಲ್ಲಿ ಹೋಗುವಾಗ ಗುಣಿಸಬೇಕು, ಬೇರೆ ಬೇರೆ ದಾರಿಗಳು ಸೇರುವಾಗ ಕೂಡಿಸಬೇಕು. ಈ ಕೂಡಿಸೋದನ್ನ ಮರೆತರೆ ಪ್ರೋಗ್ರಾಂ ನಿಲ್ಲಲ್ಲ, ಎರರ್ ಬರಲ್ಲ, ಉತ್ತರ ಮಾತ್ರ ಸದ್ದಿಲ್ಲದೆ ತಪ್ಪಾಗುತ್ತೆ.

ಪೈಟಾರ್ಚ್ ಬಳಸೋರಿಗೆ ಇದರ ನೆರಳು ಇನ್ನೊಂದು ಕಡೆ ಕಾಣಿಸುತ್ತೆ. ಆಡಿಯೋದಲ್ಲಿ ಕೋಡ್ ಓದಿ ಹೇಳಿದರೆ ಯಾರಿಗೂ ತಿಳಿಯಲ್ಲ, ಹಾಗಾಗಿ ಈ ಬರಹರೂಪದಲ್ಲಿ ಹಾಕಿದೀವಿ:

```
import torch
x = torch.tensor(-2.0, requires_grad=True)
y, z = 5.0, -4.0
for i in range(2):
    f = (x + y) * z
    f.backward()
    print(x.grad)
```

ಮೊದಲನೇ ಸಲ `tensor(-4.)` ಬರುತ್ತೆ, ನಾವು ಕೈಯಲ್ಲಿ ಮಾಡಿದ್ದೇ. ಎರಡನೇ ಸಲ ಲೆಕ್ಕ ಏನೂ ಬದಲಾಗಿಲ್ಲ, ಆದರೂ `tensor(-8.)`. ಯಾಕಂದ್ರೆ ಹೊಸ ಕೆಂಪು ಅಂಕಿಯನ್ನ ಹಳೆಯದರ ಮೇಲೆ ಕೂಡಿಸೋದೇ ಅದರ ಅಭ್ಯಾಸ. ದಾರಿಗಳನ್ನ ಕೂಡಿಸಬೇಕಲ್ಲ, ಅದಕ್ಕೆ. ಪ್ರತಿ ಸುತ್ತಿಗೂ ಮುಂಚೆ `zero_grad()` ಅಂತ ಸ್ಲೇಟು ಒರೆಸೋದು ಈ ಕಾರಣಕ್ಕೆ. ನಿನ್ನೆಯ ಖರ್ಚಿನ ಪಟ್ಟಿಯ ಮೇಲೇ ಇವತ್ತಿನದ್ದನ್ನ ಬರೆದ ಹಾಗೆ ಆಗಬಾರದು.

ಭಾನುವಾರ ಬೆಳಿಗ್ಗೆ ಮುಂದಿನ ಸ್ಲೈಡು. ಅದರಲ್ಲಿ ಸಿಗ್ಮಾಯ್ಡ್ ಇದೆ. ಏನೇ ಸಂಖ್ಯೆ ಕೊಟ್ಟರೂ ಅದನ್ನ 0 ಮತ್ತು 1ರ ನಡುವೆ ಹಿಂಡಿ ಕೊಡೋ ಸೂತ್ರ ಅದು. ಇಲ್ಲಿ ಹೋಟೆಲ್ ಬಿಟ್ಟು ನಲ್ಲಿಗೆ ಹೋದ್ವಿ. ಹಳೇ ತಿರುಗಿಸೋ ನಲ್ಲಿ ನೆನಪಿದೆಯಾ? ಮೊದಲ ಸ್ವಲ್ಪ ತಿರುಗಿಸಿದಾಗ ಹನಿ ಅಷ್ಟೇ. ನಡುವೆ ತಿರುಗಿಸಿದಾಗ ನೀರು ಬೇಗ ಬೇಗ ಜಾಸ್ತಿ ಆಗುತ್ತೆ. ಪೂರ್ತಿ ತೆರೆದ ಮೇಲೆ ಇನ್ನೂ ತಿರುಗಿಸಿದರೆ ಏನೂ ವ್ಯತ್ಯಾಸ ಇಲ್ಲ. ಹಸಿರು ಅಂಕಿ ಅಂದ್ರೆ ಬರ್ತಿರೋ ನೀರು, ಕೆಂಪು ಅಂಕಿ ಅಂದ್ರೆ ಇನ್ನೊಂಚೂರು ತಿರುಗಿಸಿದರೆ ನೀರು ಎಷ್ಟು ಜಾಸ್ತಿ ಆಗುತ್ತೆ ಅನ್ನೋದು. ಎರಡೂ ತುದಿಯಲ್ಲಿ ಅದು ಸೊನ್ನೆಯ ಹತ್ತಿರ.

ಸ್ಲೈಡಿನಲ್ಲಿ ಸಿಗ್ಮಾಯ್ಡ್ ಒಳಗೆ ಹೋಗೋದು 1, ಹೊರಗೆ ಬರೋದು 0.73. ಕೆಳಗೆ ಕೆಂಪಿನಲ್ಲಿ 0.20. ಅದಕ್ಕೆ ಸಿದ್ಧ ಸೂತ್ರ ಇದೆ: ಹೊರಗೆ ಬಂದದ್ದನ್ನ, ಒಂದಕ್ಕೆ ಅದು ಎಷ್ಟು ಕಡಿಮೆ ಇದೆಯೋ ಅದರಿಂದ ಗುಣಿಸು. 0.73 × 0.27, ಸುಮಾರು 0.20. ಸೂತ್ರ ನಂಬಬೇಡ, ಅಲ್ಲಾಡಿಸಿ ನೋಡು ಅಂದೆ. 1ರ ಬದಲು 1.01 ಕೊಟ್ಟಾಗ 0.7311 ಇದ್ದದ್ದು 0.7330 ಆಯ್ತು. ಹೆಚ್ಚುಕಮ್ಮಿ 0.002 ಏರಿತು, 0.01ರಿಂದ ಭಾಗಿಸಿದರೆ 0.20. ಅಲ್ಲಿಗೆ ಅವಳಿಗೆ ಧೈರ್ಯ ಬಂತು. ಅಲ್ಲಿಂದ ಮುಂದೆ ಹಿಂದಕ್ಕೆ ಬರೋದೆಲ್ಲಾ ಆಗಲೇ ಗೊತ್ತಿರೋದೇ: ಕೂಡಿಸೋ ವೃತ್ತ ಬಂದರೆ ಆ 0.20 ಎಲ್ಲಾ ಗೆರೆಗೂ ಹಾಗೇ ಹೋಗುತ್ತೆ, ಗುಣಿಸೋ ವೃತ್ತ ಬಂದರೆ ಎದುರಿನವನ ಬೆಲೆಯಿಂದ ಗುಣಿಸು. w1 ಅಂದ್ರೆ -3, x1 ಅಂದ್ರೆ -2. ಹಾಗಾಗಿ w1 ಕೆಳಗೆ 0.20 × -2. "-0.40 ಬಂತು, ಸ್ಲೈಡಲ್ಲಿ -0.39 ಇದೆ!" ಅಂತ ಗಾಬರಿಯಾದಳು. 0.20 ಅನ್ನೋದು ಸುತ್ತಿಸಿ ಬರೆದದ್ದು, ನಿಜವಾದದ್ದು 0.1966. ಅದನ್ನ ಹಾಕಿದರೆ -0.39. ಕಾಮರ್ಸ್ ಓದಿದೋರಿಗೆ ಪೈಸೆ ತಾಳೆ ಆಗದೇ ಇದ್ರೆ ನಿದ್ದೆ ಬರಲ್ಲ, ಅದು ಒಳ್ಳೇದೇ.

ನಲ್ಲಿ ಹೋಲಿಕೆಯಿಂದ ಇನ್ನೊಂದು ಲಾಭ ಇದೆ. ಸಿಗ್ಮಾಯ್ಡ್‌ನ ಕೆಂಪು ಅಂಕಿ ಅತಿ ಹೆಚ್ಚು ಅಂದ್ರೆ 0.25, ಹೊರಗೆ ಬರೋದು ಸರಿಯಾಗಿ ಅರ್ಧ ಇರುವಾಗ. ಇಂಥಾ ಹತ್ತು ನಲ್ಲಿಗಳನ್ನ ಒಂದರ ಹಿಂದೆ ಒಂದು ಜೋಡಿಸಿದರೆ? 0.25 ಅನ್ನ ಹತ್ತು ಸಲ ಗುಣಿಸಿದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಮೊದಲ ಪದರದ ತೂಕವನ್ನ ಅಲ್ಲಾಡಿಸಿದರೆ ಕೊನೆಗೆ ಸುದ್ದಿಯೇ ಮುಟ್ಟಲ್ಲ. ವ್ಯಾನಿಶಿಂಗ್ ಗ್ರೇಡಿಯೆಂಟ್ ಅಂತ ಕರೆಯೋದು ಇದನ್ನೇ. ಇದನ್ನ ಗುರುತಿಸೋದು ಹೇಗೆ ಅಂದ್ರೆ, ಒಂದೊಂದು ಪದರದ ಕೆಂಪು ಅಂಕಿಗಳನ್ನ ಪ್ರಿಂಟ್ ಮಾಡಿ ನೋಡಿ. ಕೊನೆಯ ಪದರಗಳಲ್ಲಿ ದೊಡ್ಡದಾಗಿದ್ದು, ಮೊದಲ ಪದರಗಳಲ್ಲಿ ಸೊನ್ನೆ ಸೊನ್ನೆ ಸೊನ್ನೆ ಅಂತ ಶುರುವಾದರೆ ಅದೇ ರೋಗ. ಈಗಿನ ನೆಟ್‌ವರ್ಕುಗಳ ಒಳಪದರಗಳಲ್ಲಿ ReLU ಹಾಕೋದಕ್ಕೆ ಒಂದು ಮುಖ್ಯ ಕಾರಣ, ಅದು ತೆರೆದಿದ್ದಾಗ ಕೆಂಪು ಅಂಕಿಯನ್ನ ಕತ್ತರಿಸದೆ ಪೂರ್ತಿ 1ರಿಂದ ಗುಣಿಸಿ ಹಿಂದಕ್ಕೆ ಬಿಡುತ್ತೆ. ಮುಚ್ಚಿದ್ದಾಗ ಮಾತ್ರ ಪೂರ್ತಿ ಸೊನ್ನೆ.

ಬೈಗುಳ ಹಂಚೋ ಹೋಲಿಕೆ ಬಗ್ಗೆ ಆಮೇಲೆ ಹೇಳ್ತೀನಿ ಅಂದಿದ್ನಲ್ಲ. ಅದು ಪೂರ್ತಿ ಸುಳ್ಳಲ್ಲ, ಆದರೆ ಕೇಳಿದವರ ತಲೆಯಲ್ಲಿ ಎರಡು ತಪ್ಪು ಬಿತ್ತುತ್ತೆ. ಹೊಣೆ ಅಂದ ಕೂಡಲೇ ನಾವು ಶೇಕಡಾ ಲೆಕ್ಕಕ್ಕೆ ಹೋಗ್ತೀವಿ, ನಿಂದು 60, ನಂದು 40, ಒಟ್ಟು 100 ಅಂತ. ಕೆಂಪು ಅಂಕಿಗಳು ಹಾಗೆ ಪಾಲು ಅಲ್ಲ, ಕೂಡಿಸಿದರೆ 100 ಆಗಬೇಕು ಅಂತ ಇಲ್ಲ. ನಮ್ಮ ಮೊದಲ ಸ್ಲೈಡಿನಲ್ಲಿ x ಗೂ -4, y ಗೂ -4, z ಗೆ 3. ಯಾವ 100? ಇನ್ನೊಂದು, ಕೆಂಪು ಅಂಕಿ ಸೊನ್ನೆ ಬಂದರೆ ಆ ತೂಕ ನಿರಪರಾಧಿ, ಅದು ಸರಿಯಾಗಿದೆ ಅಂತ ಅನ್ಕೋತಾರೆ. ತೂಕದ ಎದುರಿಗಿದ್ದ ಇನ್‌ಪುಟ್ ಸೊನ್ನೆ ಆಗಿದ್ರೂ ಕೆಂಪು ಅಂಕಿ ಸೊನ್ನೆಯೇ ಬರುತ್ತೆ, ಗುಣಿಸೋದು ಅದರಿಂದ ತಾನೇ. ಆ ತೂಕ ಸರಿ ಇದೆ ಅಂತ ಅದರರ್ಥ ಅಲ್ಲ, ಈ ಉದಾಹರಣೆ ಅದನ್ನ ಪರೀಕ್ಷೆ ಮಾಡಲಿಲ್ಲ ಅಂತ.

ಹೋಟೆಲ್ ಲೆಕ್ಕಕ್ಕೂ ಮಿತಿ ಇದೆ. ಆ ಸ್ಲೈಡುಗಳ ಕೊನೆಯಲ್ಲಿ ವೆಕ್ಟರ್, ಮ್ಯಾಟ್ರಿಕ್ಸ್, ಜಾಕೋಬಿಯನ್ ಬರುತ್ತವೆ. ಅಲ್ಲಿ ಮ್ಯಾಟ್ರಿಕ್ಸನ್ನ ಮಗುಚಿ ಗುಣಿಸೋದು ಯಾಕೆ ಅನ್ನೋದನ್ನ ಹಾಲು, ಕಾಫಿಯಲ್ಲಿ ತೋರಿಸೋಕೆ ಹೋದರೆ ಕೇಳೋರಿಗೆ ಮ್ಯಾಟ್ರಿಕ್ಸೂ ತಿಳಿಯಲ್ಲ, ಕಾಫಿಯೂ ಕೆಡುತ್ತೆ. ಅಲ್ಲಿಗೆ ಒಂದೇ ಹಿಡಿ ಕೊಟ್ಟೆ: ಹಸಿರು ಪೆಟ್ಟಿಗೆಯಲ್ಲಿ 3 ಸಾಲು, 2 ಕಾಲಂ ಇದ್ರೆ ಅದರ ಕೆಂಪು ಪೆಟ್ಟಿಗೆಯಲ್ಲೂ 3 ಸಾಲು, 2 ಕಾಲಂ ಇರಲೇಬೇಕು, ಪ್ರತಿ ಹಸಿರು ಅಂಕಿಗೂ ಒಂದೊಂದು ಕೆಂಪು ಅಂಕಿ. ಅಳತೆ ಹೊಂದದೇ ಇದ್ರೆ ಎಲ್ಲೋ ತಪ್ಪಿದೆ. ಉಳಿದದ್ದಕ್ಕೆ ಎರಡು ವಾರ ಕೂತು ಗಣಿತವನ್ನೇ ಕಲಿಯಬೇಕು, ಅಡ್ಡದಾರಿ ಇಲ್ಲ ಅಂತ ಹೇಳಿದೆ.

ಸೋಮವಾರ ಸಂಜೆ ಫೋನ್ ಬಂತು. ಕೊನೆಯ 1 ಎಲ್ಲಿಂದ ಬಂತು ಅಂತಲೇ ಮೊದಲ ಪ್ರಶ್ನೆ ಕೇಳಿದ್ರಂತೆ. ಹೇಳಿದಳಂತೆ. 1.01 ಹಾಕಿ ಬೋರ್ಡಿನ ಮೇಲೆ ತಾಳೆ ನೋಡಿ ತೋರಿಸಿದಳಂತೆ. ಪ್ರಾಜೆಕ್ಟು ಉಳೀತು. ಆದರೆ ಫೋನ್ ಮಾಡಿದ್ದು ಅದನ್ನ ಹೇಳೋಕಲ್ಲ. ಮ್ಯಾಕ್ಸ್ ಗೇಟ್ ಅಂತ ಇರೋ ಸ್ಲೈಡಿನಲ್ಲಿ ಎರಡು ಇನ್‌ಪುಟ್, 2 ಮತ್ತು -1. ದೊಡ್ಡದು ಹೊರಗೆ ಹೋಗುತ್ತೆ. ಹಿಂದಕ್ಕೆ ಬರುವಾಗ 2 ಇದ್ದ ಗೆರೆಗೆ ಪೂರ್ತಿ ಕೆಂಪು ಅಂಕಿ, -1 ಇದ್ದ ಗೆರೆಗೆ ಸೊನ್ನೆ. "ಅಣ್ಣಾ, ಇದು ಅನ್ಯಾಯ ಅಲ್ವಾ? ಚಿಕ್ಕದಕ್ಕೆ ಯಾವತ್ತೂ ಸೊನ್ನೆನೇನಾ?"

ಅಡಿಕೆ ಮನೆಯ ಹುಡುಗಿಗೆ ಇದಕ್ಕೆ ಮಂಡಿಯ ಟೆಂಡರ್ ಸಾಕು. ನಿಮ್ಮ ಲಾಟಿಗೆ ಒಬ್ಬ ಕ್ವಿಂಟಲಿಗೆ 48,000 ಬರೆದ, ಇನ್ನೊಬ್ಬ 47,000 ಬರೆದ. ಮೊದಲನೆಯವನು ಒಂದು ರೂಪಾಯಿ ಜಾಸ್ತಿ ಬರೆದಿದ್ರೆ ನಿಮ್ಮಪ್ಪನಿಗೆ ಕ್ವಿಂಟಲಿಗೆ ಒಂದು ರೂಪಾಯಿ ಜಾಸ್ತಿ ಸಿಗ್ತಿತ್ತು. ಎರಡನೆಯವನು ಒಂದು ರೂಪಾಯಿ ಜಾಸ್ತಿ ಬರೆದಿದ್ರೆ? ಏನೂ ಇಲ್ಲ. ಅದೇ ಸೊನ್ನೆ. ಆದರೆ ಅದು ಈ ಲಾಟಿಗೆ ಮಾತ್ರ. ಮುಂದಿನ ಲಾಟಿಗೆ ಅವನೇ ಹೆಚ್ಚು ಬರೆದರೆ ಕೆಂಪು ಅಂಕಿ ಪೂರ್ತಿ ಅವನ ಕಡೆ ಹೋಗುತ್ತೆ, ಮೊದಲನೆಯವನಿಗೆ ಸೊನ್ನೆ.

"ಇಬ್ಬರೂ ಒಂದೇ ರೇಟು ಬರೆದರೆ?" ಅಂದಳು. ಆ ಜಾಗದಲ್ಲಿ ಒಂದೇ ಉತ್ತರ ಅಂತ ಇಲ್ಲ, ಏರಿಸಿದರೆ ಒಂದು ಬರುತ್ತೆ, ಇಳಿಸಿದರೆ ಇನ್ನೊಂದು. ಸಾಫ್ಟ್‌ವೇರ್ ಬರೆಯೋರು ಯಾವುದಾದ್ರೂ ಒಂದು ಕಟ್ಟಳೆ ಹಾಕ್ಕೊಂಡಿರ್ತಾರೆ. ಯಾವ ಕಟ್ಟಳೆ ಅಂತ ತಿಳೀಬೇಕಾದ್ರೆ ಎರಡೂ ಬೆಲೆ ಒಂದೇ ಇಟ್ಟು ಓಡಿಸಿ ನೋಡು ಅಂದೆ. ಲ್ಯಾಪ್‌ಟಾಪ್ ತೆಗೆಯೋ ಸದ್ದು ಕೇಳಿಸ್ತು.